ಮಗು ಹುಟ್ಟಿದ ಖುಷಿ ಹೇಳಬೇಕು, ವಿವರ ಬೇಡ: ಏನಂತ ಬರೆಯೋದು?

ಪ್ರಶ್ನೆ: ನಮಗೆ ಮಗಳು ಹುಟ್ಟಿದ್ದಾಳೆ. ಸ್ಟೇಟಸ್ ಹಾಕಬೇಕು. ಡಾಕ್ಟರಿಗೂ ಅಜ್ಜ ಅಜ್ಜಿಯರಿಗೂ ಥ್ಯಾಂಕ್ಸ್ ಹೇಳಬೇಕು. ಆದರೆ ಜಾಸ್ತಿ ವಿವರ ಬೇಡ ಅಂತ ನಮ್ಮಿಬ್ಬರ ಆಸೆ. ಹೇಗೆ ಬರೆಯಲಿ?
(ವಿರಾಜಪೇಟೆ ಕಡೆಯ ಓದುಗರು)

ಉತ್ತರ: ಅಭಿನಂದನೆ! ಈ ಪ್ರಶ್ನೆ ತಿಂಗಳು ತಪ್ಪದೆ ಬರುತ್ತದೆ. ಹಾಗಾಗಿ ಮೊದಲು ಬರಹವನ್ನೇ ಕೊಟ್ಟುಬಿಡುತ್ತೇನೆ, ಬೇಕಾದಂತೆ ತಿದ್ದಿಕೊಳ್ಳಿ.

"ನಮ್ಮ ಮನೆಗೆ ಮಗಳು ಬಂದಳು. ತಾಯಿ, ಮಗು ಇಬ್ಬರೂ ಆರಾಮಾಗಿದ್ದಾರೆ. ಹೆದರಿದಾಗೆಲ್ಲ ಧೈರ್ಯ ಹೇಳಿದ ಡಾಕ್ಟರಿಗೆ, ನರ್ಸಮ್ಮಂದಿರಿಗೆ ಕೈ ಮುಗಿಯುತ್ತೇವೆ. ನಿದ್ದೆ ಬಿಟ್ಟು ಜೊತೆಗಿದ್ದ ಎರಡೂ ಮನೆಯ ಅಜ್ಜ ಅಜ್ಜಿಯರ ಋಣ ದೊಡ್ಡದು. ಬಾಣಂತನ ಮುಗಿಯಲಿ, ಆಮೇಲೆ ನಾವೇ ಕರೆಯುತ್ತೇವೆ, ಬನ್ನಿ."

ಇದರಲ್ಲಿ ಆಸ್ಪತ್ರೆ ಇಲ್ಲ, ತಾರೀಖು ಇಲ್ಲ, ತೂಕ ಇಲ್ಲ. ಆದರೂ ಏನೋ ಮುಚ್ಚಿಟ್ಟ ಹಾಗೆ ಕಾಣುವುದಿಲ್ಲ. ಯಾಕೆಂದರೆ ಎಲ್ಲರಿಗೂ ಮೊದಲು ಬೇಕಾದ ಮಾತು, ತಾಯಿ ಮಗು ಚೆನ್ನಾಗಿದ್ದಾರೆ ಅನ್ನೋದು, ಎರಡನೇ ಸಾಲಲ್ಲೇ ಇದೆ. ಕೊನೆಯ ಸಾಲನ್ನಂತೂ ಬಿಡಬೇಡಿ. ಅದಿಲ್ಲದಿದ್ದರೆ ಸಂಜೆಯೊಳಗೆ ವಾರ್ಡಿನ ಬಾಗಿಲಲ್ಲಿ ಜನ. ಡಾಕ್ಟರ ಹೆಸರು ಹಾಕಿದರೂ ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಡಾಕ್ಟರು ಯಾರು ಅಂತ ಗೊತ್ತಾದರೆ ಆಸ್ಪತ್ರೆ ಯಾವುದು ಅಂತ ಗೊತ್ತಾದ ಹಾಗೇ. ಹೆಸರು ಹಿಡಿದು ಥ್ಯಾಂಕ್ಸ್ ಹೇಳುವುದನ್ನು ಅವರಿಗೇ ಒಂದು ಚೀಟಿಯಲ್ಲಿ ಬರೆದುಕೊಡಿ.

ಈಗ ನನಗೆ ಹೇಳಿ ಹೇಳಿ ಸಾಕಾಗಿರುವ ವಿಷಯಕ್ಕೆ ಬರುತ್ತೇನೆ. "ಸ್ಟೇಟಸ್ ತಾನೇ, 24 ಗಂಟೆಯಲ್ಲಿ ಹೋಗುತ್ತೆ. ನೋಡೋರೂ ನಮ್ಮವರೇ" ಅಂತ ಬಹಳ ಜನ ನಂಬಿದ್ದಾರೆ. ಎರಡೂ ತಪ್ಪು.

ಹೋಗುವುದು ನಿಮ್ಮ ಫೋನಿನ ಸ್ಟೇಟಸ್ ಮಾತ್ರ. ನೋಡಿದವರು ಸ್ಕ್ರೀನ್‌ಶಾಟ್ ತೆಗೆದರೆ ನಿಮಗೆ ಗೊತ್ತೇ ಆಗುವುದಿಲ್ಲ. ಪ್ರೀತಿಯಿಂದಲೇ ತೆಗೆಯುತ್ತಾರೆ, ಪ್ರೀತಿಯಿಂದಲೇ ಕುಟುಂಬದ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದ ಸಂಘದ ಗ್ರೂಪಿಗೆ. ಇನ್ನು ನಮ್ಮವರು ಅಂದರೆ ಯಾರು? ಒಮ್ಮೆ ಕಾಂಟ್ಯಾಕ್ಟ್ ಲಿಸ್ಟ್ ತೆರೆದು ನೋಡಿ. ಗೊಬ್ಬರದ ಅಂಗಡಿ, ಕಾಫಿ ವ್ಯಾಪಾರಿ, ಜೀಪಿನವರು, ಬೋರ್‌ವೆಲ್ಲಿನವರು. ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಅವರೆಲ್ಲರಿಗೂ ಸ್ಟೇಟಸ್ ಕಾಣುತ್ತದೆ. ತೋಟದ ಮನೆಯವರು ಎಲ್ಲರೂ ಆಸ್ಪತ್ರೆಯಲ್ಲಿದ್ದಾರೆ ಅನ್ನೋದೂ ಅದರ ಜೊತೆಗೇ ಗೊತ್ತಾಗುತ್ತದೆ. ಸ್ಟೇಟಸ್ ಪ್ರೈವೆಸಿಯಲ್ಲಿ ಆಯ್ದ ಜನರಿಗೆ ಮಾತ್ರ ಕಾಣುವಂತೆ ಮಾಡಬಹುದು. ಮಾಡಿ. ಆದರೆ ಅದರಿಂದ ಸ್ಕ್ರೀನ್‌ಶಾಟ್ ನಿಲ್ಲುವುದಿಲ್ಲ.

ಬರಹಕ್ಕಿಂತ ಜಾಸ್ತಿ ಹೇಳುವುದು ಫೋಟೋ. ಮುಖ ಬೇಡ ಅಂತ ಪುಟ್ಟ ಪಾದದ ಫೋಟೋ ಹಾಕುತ್ತಾರೆ, ಒಳ್ಳೆಯದೇ. ಆ ಪಾದದಲ್ಲೇ ಆಸ್ಪತ್ರೆಯ ಟ್ಯಾಗ್ ಇರುತ್ತದೆ. ದೊಡ್ಡದು ಮಾಡಿ ನೋಡಿ: ತಾಯಿಯ ಹೆಸರು, ಆಸ್ಪತ್ರೆಯ ನಂಬರು, ಸಾಮಾನ್ಯವಾಗಿ ಹುಟ್ಟಿದ ದಿನ, ಹೊತ್ತು, ತೂಕವೂ. ನೀವು ಬರೆಯದೆ ಬಿಟ್ಟಿದ್ದೆಲ್ಲ ಅಲ್ಲಿದೆ! ಹಾಗಂತ ಫೋಟೋಗೋಸ್ಕರ ಟ್ಯಾಗ್ ಬಿಚ್ಚಬೇಡಿ. ಯಾವ ಮಗು ಯಾವ ತಾಯಿಯದು ಅಂತ ಆಸ್ಪತ್ರೆಯವರು ನೋಡುವುದು ಅದರಿಂದಲೇ. ಬಟ್ಟೆಯ ಅಂಚು ಎಳೆದು ಮುಚ್ಚಿ, ಇಲ್ಲವೇ ಟ್ಯಾಗ್ ಇಲ್ಲದ ಪಾದವನ್ನು ತೆಗೆಯಿರಿ. ಫೋನಿನ ಹೈಲೈಟರ್‌ನಿಂದ ಕಪ್ಪು ಬಳಿದರೆ ಸಾಲದು. ಆ ಬಣ್ಣ ತೆಳು, ಬೆಳಕು ಹೆಚ್ಚಿಸಿದರೆ ಅಕ್ಷರ ಎದ್ದು ಬರುತ್ತದೆ. ಕ್ರಾಪ್ ಮಾಡಿ ತೆಗೆದುಬಿಡಿ, ಹಿಂದೆ ತೊಟ್ಟಿಲಿಗೆ ಅಂಟಿಸಿದ ಚೀಟಿಯನ್ನೂ ಹಾಗೇ.

ಅಜ್ಜ ಅಜ್ಜಿಯರಿಗೆ ಥ್ಯಾಂಕ್ಸ್ ಹೇಳುವಾಗ ಕೊಡಗಿನವರು ಇನ್ನೊಂದು ಎಚ್ಚರ ವಹಿಸಬೇಕು. ಇಲ್ಲಿ ಮನೆತನದ ಹೆಸರು ಹೇಳಿದರೆ ಊರು, ಮನೆ ಎರಡೂ ತಿಳಿಯುತ್ತದೆ. ತಾಮನೆಯ, ಅಂದರೆ ತವರಿನ, ಹೆಸರನ್ನೂ ಸೇರಿಸಿದರೆ, ಬಾಣಂತಿ ಇನ್ನು ಕೆಲವು ವಾರ ಎಲ್ಲಿರುತ್ತಾಳೆ ಅಂತ ವಿಳಾಸ ಕೊಟ್ಟ ಹಾಗೆ. ತಾಯಿಯ ತವರಿನ ಹೆಸರನ್ನು ಗುರುತು ಖಚಿತಪಡಿಸಲು ಕೇಳುವ ಕಡೆಗಳೂ ಇವೆ. "ಎರಡೂ ಮನೆಯ" ಅಂದರೆ ಸಾಕು, ಅಜ್ಜಿಯರಿಗೆ ತಮ್ಮನ್ನೇ ಹೇಳಿದ್ದು ಅಂತ ಗೊತ್ತಾಗುತ್ತದೆ. ಆದರೆ ಸ್ಟೇಟಸ್ ನೋಡಿ ಅವರಿಗೆ ಸುದ್ದಿ ತಿಳಿಯಬಾರದು. ಮೊದಲು ಫೋನ್ ಮಾಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೆಸರಿಗೆ ಆತುರ ಬೇಡ. "ಹೆಸರೇನು?" ಅಂತ ಕೆಳಗೆ ಹತ್ತು ಜನ ಕೇಳುತ್ತಾರೆ. ಸರ್ಟಿಫಿಕೇಟಿಗೆ ಹೆಸರು ತಕ್ಷಣ ಬೇಕು ಅಂತ ಹೆದರಿಸುವವರೂ ಇದ್ದಾರೆ. ಕಾನೂನಿನಲ್ಲಿ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಡಿಸ್ಚಾರ್ಜ್ ಆಗುವ ಮೊದಲು ಒಂದು ಕೆಲಸ ಮಾಡಿ: ಆಸ್ಪತ್ರೆಯ ನೋಂದಣಿ ಅರ್ಜಿಯಲ್ಲಿ ತಂದೆ ತಾಯಿಯ ಹೆಸರಿನ ಸ್ಪೆಲ್ಲಿಂಗ್ ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ಅಂತ ನೋಡಿ. ಆಮೇಲೆ ತಿದ್ದಿಸಲು ಓಡಾಡಬೇಕಾಗುವುದು ಅದಕ್ಕೇ.