ಬಣ್ಣದ ಬಿಲ್ಲಿನಲ್ಲಿ ಹೋದ ಆರು ಸಾವಿರ

ನಾನು ಬಹಳ ವರ್ಷ ವಿಜಯಪುರದಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿದ್ದವನು, ಅಂದರೆ ಗುದ್ದಿದ ಗಾಡಿ ನೋಡಿ ವಿಮಾ ಕಂಪನಿಗೆ ನಷ್ಟದ ಲೆಕ್ಕ ಕೊಡುವವನು. ಈಗ ಆ ಕೆಲಸ ಬಿಟ್ಟಿದ್ದೇನೆ. ಆದರೂ ಗಾಡಿ ಗುದ್ದಿಸಿಕೊಂಡವರು ಮನೆಗೆ ಬರುವುದು ನಿಂತಿಲ್ಲ. ಬಂದವರೆಲ್ಲ ಹೇಳುವುದು ಒಂದೇ ಮಾತು: "ಗ್ಯಾರೇಜಿನವರು ಇಷ್ಟು ಅಂದ್ರು, ಕಂಪನಿಯವರು ಅಷ್ಟೇ ಕೊಟ್ರು." ಎರಡು ಒಟ್ಟು ಮೊತ್ತಗಳು, ನಡುವೆ ಒಂದು ದೊಡ್ಡ ಸಿಟ್ಟು. ಸರ್ವೇಯರ್ ಕೊಟ್ಟ ಹಾಳೆ ಎಲ್ಲಿ ಅಂದರೆ ಮುಖ ನೋಡುತ್ತಾರೆ.

ಕಳೆದ ವರ್ಷ ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರ ಹೀಗೇ ಬಂದಿದ್ದ. 2025ರ ಮಾರ್ಚ್ ತಿಂಗಳ ರಾತ್ರಿ, ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಕಾರು ಹೋಗಿ ಬಡಿದಿತ್ತು. ಟ್ರ್ಯಾಲಿಗೆ ಹಿಂದೆ ಒಂದು ರಿಫ್ಲೆಕ್ಟರೂ ಇರಲಿಲ್ಲವಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗ್ಯಾರೇಜಿನ ಎಸ್ಟಿಮೇಟ್ 77,000. ಮಂಜೂರಾಗಿದ್ದು 47,700.

"ಮೂವತ್ತು ಸಾವಿರ ನುಂಗ್ಯಾರ್ರೀ ಸರ್. ಕೇಸ್ ಹಾಕೂಣ."

"ತಮ್ಮಾ, ಮೊದಲು ಹಾಳೆ ತಗೊಂಡು ಬಾ" ಅಂದೆ.

ಸರ್ವೇ ವರದಿಯ ಪ್ರತಿಯನ್ನು ಕಂಪನಿಗೆ ಬರೆದು ಕೇಳಬಹುದು. ಫೋನಿನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ವರದಿಯ ಜೊತೆ ಸಾಲುಸಾಲಾಗಿ ಲೆಕ್ಕ ಹಾಕಿದ ಹಾಳೆಯೊಂದು ಇರುತ್ತದೆ. ಜಗಳ ಆಡಬೇಕಾದದ್ದು ಆ ಹಾಳೆಯ ಮೇಲೆ.

ಜನ ಪದೇ ಪದೇ ತಪ್ಪು ತಿಳಿಯುವ ವಿಷಯ ಇಲ್ಲೇ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೇ ಭಾಗ ಸವೆದಿದೆ ಅಂತ ಹೊಸದರ ಬೆಲೆಯಲ್ಲಿ ಕಡಿಯುವ ಸವಕಳಿಯನ್ನು, ಅಂದರೆ ಡಿಪ್ರಿಸಿಯೇಷನ್ ಅನ್ನು, ಒಟ್ಟು ಬಿಲ್ಲಿನ ಮೇಲೆ ಕಡಿಯುವುದಿಲ್ಲ. ಒಂದೊಂದು ಸಾಮಾನಿಗೆ ಒಂದೊಂದು ದರ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಶೇ 50. ಗಾಜಿಗೆ ಏನೂ ಇಲ್ಲ, ಸೊನ್ನೆ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಪ್ರಕಾರ: ಮೂರರಿಂದ ನಾಲ್ಕು ವರ್ಷದೊಳಗೆ ಶೇ 25, ನಾಲ್ಕರಿಂದ ಐದಕ್ಕೆ ಶೇ 35, ಹೀಗೆ ಏರುತ್ತದೆ. ಕೂಲಿಗೆ ಸವಕಳಿಯೇ ಇಲ್ಲ. ಇದು 2002ರ ಮೋಟಾರ್ ಟ್ಯಾರಿಫ್‌ನಿಂದ ಬಂದ ಪಟ್ಟಿ. ಮಾಮೂಲಿ ಪ್ಯಾಕೇಜ್ ಪಾಲಿಸಿಯ ಷರತ್ತುಗಳಲ್ಲಿ ಇದನ್ನೇ ಅಚ್ಚು ಹಾಕಿರುತ್ತಾರೆ. ಆದರೂ ನನ್ನ ಮಾತು ನಂಬಿ ಕೂರಬೇಡಿ, ನಿಮ್ಮ ಪಾಲಿಸಿಯ ಪಟ್ಟಿಯನ್ನೇ ನೋಡಿ. ಗಾಡಿಯ ಬೆಲೆ, ಅಂದರೆ ಐಡಿವಿ, ನಿಗದಿ ಮಾಡುವ ಪಟ್ಟಿ ಬೇರೆ. ಅದನ್ನು ತಂದು ನನ್ನೆದುರು ವಾದ ಮಾಡಿದವರು ಬಹಳ ಜನ ಇದ್ದಾರೆ. ಸವಕಳಿ ಕಡಿಯದಿರಲಿ ಅಂತ ಝೀರೋ ಡೆಪ್ ತಗೊಂಡವರ ಕಥೆಯೂ ಬೇರೆ, ಅವರು ತಮ್ಮ ಆಡ್-ಆನ್ ಷರತ್ತು ಓದಿಕೊಳ್ಳಲಿ.

ಈಗ ತಮ್ಮನ ಹಾಳೆ. ಜಿಎಸ್‌ಟಿಯನ್ನು ಬದಿಗಿಡೋಣ.

ಬಾನೆಟ್, ಫೆಂಡರ್, ಬಾಗಿಲು ಸೇರಿ ಲೋಹದ ಭಾಗ 28,000. ಬಂಪರ್ ಮತ್ತಿತರ ಪ್ಲಾಸ್ಟಿಕ್ 14,000. ಮುಂದಿನ ಗ್ಲಾಸು ರಬ್ಬರ್ ಸಮೇತ 7,000. ಬಣ್ಣ 16,000. ಕೂಲಿ 12,000. ಸರ್ವೇಯರ್ ಲೋಹಕ್ಕೆ ಶೇ 35 ಕಡಿದಿದ್ದ. ಪ್ಲಾಸ್ಟಿಕ್, ಗ್ಲಾಸು, ಬಣ್ಣ ಮೂರಕ್ಕೂ ಶೇ 50. ಕೂಲಿ ಪೂರ್ತಿ ಕೊಟ್ಟಿದ್ದ. ಕೊನೆಗೆ ಕಡ್ಡಾಯ ಕಡಿತ 1,000.

ಪ್ಲಾಸ್ಟಿಕ್ ಸರಿಯಾಗಿದೆ. ಕೂಲಿ ಸರಿ. ಆ 1,000 ಸಣ್ಣ ಕಾರಿಗೆ ಯಾವಾಗಲೂ ಹೋಗುವುದೇ. ಉಳಿದ ಮೂರು ಸಾಲಿನಲ್ಲಿ ತಕರಾರಿದೆ.

ದೊಡ್ಡದು ಬಣ್ಣ. ಬಣ್ಣಕ್ಕೆ ಶೇ 50 ನಿಜ, ಆದರೆ ಅದು ಬಣ್ಣದ ಸಾಮಗ್ರಿಯ ಮೇಲೆ ಮಾತ್ರ. ಬಳಿಯುವ ಕೂಲಿಯ ಮೇಲೆ ಅಲ್ಲ. ಗ್ಯಾರೇಜಿನವರು ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದರೆ, ಅದರ ಶೇ 25ನ್ನು ಸಾಮಗ್ರಿ ಅಂತ ಹಿಡಿಯಬೇಕು. ಅಂದರೆ 16,000ದಲ್ಲಿ ಸಾಮಗ್ರಿ 4,000, ಅದರ ಅರ್ಧ 2,000. ಕಡಿಯಬೇಕಾದದ್ದು ಇಷ್ಟೇ. ಕಡಿದಿದ್ದು 8,000. ಇದರಲ್ಲಿ ಯಾವಾಗಲೂ ಮೋಸ ಇರುತ್ತದೆ ಅಂತ ಹೇಳಲಾರೆ. ದಿನಕ್ಕೆ ಐದಾರು ಗಾಡಿ ನೋಡಿ ರಾತ್ರಿ ಕೂತು ಲೆಕ್ಕ ಹಾಕುವಾಗ ಕೈ ತಪ್ಪುತ್ತದೆ. ನನ್ನದೂ ತಪ್ಪಿದ್ದುಂಟು. ಯಾರಾದರೂ ತೋರಿಸಿಕೊಟ್ಟರೆ ತಿದ್ದುತ್ತಿದ್ದೆ. ತೋರಿಸುವವರೇ ಕಡಿಮೆ, ಬೈಯುವವರು ಜಾಸ್ತಿ.

ಎರಡನೆಯದು ಗ್ಲಾಸು. ಇಲ್ಲಿ ಅರ್ಧ ತಪ್ಪು ಗ್ಯಾರೇಜಿನದ್ದು. ಗ್ಲಾಸು, ರಬ್ಬರ್ ಬೀಡಿಂಗ್ ಎರಡನ್ನೂ ಒಂದೇ ಸಾಲಿನಲ್ಲಿ 'ಸೆಟ್' ಅಂತ ಬರೆದುಬಿಟ್ಟಿದ್ದರು. ರಬ್ಬರ್ ಹೆಸರು ಕಂಡಿದ್ದೇ ತಡ, ಇಡೀ ಸಾಲಿಗೆ ಶೇ 50 ಬಿತ್ತು. ಬೀಡಿಂಗ್ ಬೆಲೆ 600 ಅಷ್ಟೇ. ಬಿಡಿಸಿ ಬರೆದಿದ್ದರೆ ಹೋಗುತ್ತಿದ್ದದ್ದು 300, ಹೋಗಿದ್ದು 3,500.

ಮೂರನೆಯದು ವಯಸ್ಸು. ಕಾರು ತಯಾರಾಗಿದ್ದು 2020ರ ಡಿಸೆಂಬರ್, ನೋಂದಣಿ ಆಗಿದ್ದು 2021ರ ಜೂನ್. ಆರ್‌ಸಿಯಲ್ಲಿ ಎರಡೂ ಇವೆ. ತಯಾರಿಕೆಯಿಂದ ಎಣಿಸಿದರೆ ನಾಲ್ಕು ವರ್ಷ ದಾಟಿದೆ, ನೋಂದಣಿಯಿಂದ ಎಣಿಸಿದರೆ ಇನ್ನೂ ಮೂರು ಚಿಲ್ಲರೆ. ಶೇ 35 ಆದರೆ 9,800 ಹೋಗುತ್ತದೆ, ಶೇ 25 ಆದರೆ 7,000. ಇದು ಮಾತ್ರ ಉಳಿದೆರಡರಷ್ಟು ಸಲೀಸಲ್ಲ. ಅವನ ಪಾಲಿಸಿಯಲ್ಲಿ 'ವಾಹನದ ವಯಸ್ಸು' ಅಂತಷ್ಟೇ ಇತ್ತು. ವಾದ ಮಾಡಬಹುದು, ಗೆದ್ದೇ ಗೆಲ್ಲುತ್ತೇವೆ ಅನ್ನಲಾಗದು.

ಮೂರೂ ಸರಿಯಾದರೆ ಬರಬೇಕಾದದ್ದು 59,700. ಅಂದರೆ ನಿಜವಾದ ಜಗಳ 12,000ದ್ದು. ಉಳಿದ 17,300 ಅವನ ಕೈಯಿಂದಲೇ ಹೋಗಬೇಕು, ಯಾವ ಕೋರ್ಟಿಗೆ ಹೋದರೂ. ಇದನ್ನು ಒಪ್ಪಿಸಲು ನನಗೆ ಎರಡು ಲೋಟ ಚಹಾ ಹಿಡಿಯಿತು.

ಆಮೇಲೆ ಒಂದು ಪುಟದ ಪತ್ರ ಬರೆಸಿದೆ. ನಾಲ್ಕು ಕಾಲಂ: ಭಾಗ, ಸರ್ವೇಯರ್ ಕಡಿದದ್ದು, ಪಾಲಿಸಿ ಪ್ರಕಾರ ಕಡಿಯಬೇಕಾದದ್ದು, ವ್ಯತ್ಯಾಸ. ಕೆಳಗೆ ಒಂದೇ ಬೇಡಿಕೆ, ಈ ಮೂರು ಸಾಲುಗಳನ್ನು ಮರುಮೌಲ್ಯಮಾಪನ ಮಾಡಿ. ಜೊತೆಗೆ ಆರ್‌ಸಿ, ಪಾಲಿಸಿಯ ಸವಕಳಿ ಪುಟ, ಗ್ಲಾಸು ಮತ್ತು ಬೀಡಿಂಗ್ ಬೇರೆ ಮಾಡಿದ ಗ್ಯಾರೇಜಿನ ಬಿಲ್ಲು. ಕಂಪನಿಯ ಕ್ಲೇಮ್ ವಿಭಾಗಕ್ಕೆ ಒಂದು, ಸರ್ವೇಯರ್‌ಗೆ ಒಂದು ಪ್ರತಿ. 'ದರೋಡೆ' ಅನ್ನುವ ಪದವನ್ನು ನಾನೇ ಹೊಡೆದುಹಾಕಿದೆ.

ಅಷ್ಟರಲ್ಲಿ ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳಬೇಕಿತ್ತು. ಕೊಟ್ಟ ಕಾಗದದಲ್ಲಿ 'ಪೂರ್ಣ ಮತ್ತು ಅಂತಿಮ ಪಾವತಿ' ಅಂತ ಇತ್ತು. ಅದರ ಪಕ್ಕ "ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ" ಅಂತ ಬರೆದೇ ಸಹಿ ಮಾಡು, ಫೋಟೊ ಇಟ್ಕೊ ಅಂದೆ. ಸವಕಳಿಯ ತಕರಾರು ಕಾಗದದ ಮೇಲಿನದು, ಗಾಡಿ ರಿಪೇರಿ ಆದಮೇಲೂ ನಡೆಯುತ್ತದೆ. ಆದರೆ 'ಬಾಗಿಲು ಬದಲಿಸಬೇಕಿತ್ತು, ತಟ್ಟಿ ಸರಿಮಾಡಿ ಅಂದರು' ಅನ್ನುವ ತಕರಾರಿದ್ದರೆ ಕೆಲಸ ಶುರುವಾಗುವ ಮೊದಲೇ ಮರುಪರಿಶೀಲನೆ ಕೇಳಬೇಕು. ಹಳೇ ಭಾಗ ಗುಜರಿಗೆ ಹೋದಮೇಲೆ ಯಾರೂ ಏನೂ ನೋಡಲಾರರು.

ಸರ್ವೇಯರ್ ಮಾತೇ ಕೊನೆ ಅಂತ ಕಂಪನಿಯವರು ಹೇಳುವುದುಂಟು. ಹಾಗೇನಿಲ್ಲ. ಸರ್ವೇ ವರದಿಯೇ ಅಂತಿಮವಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಅದೂ ಒಂದು ಲಾರಿಯ ಪ್ರಕರಣದಲ್ಲಿ. ಹಾಗಂತ ವರದಿಗೆ ತೂಕ ಇಲ್ಲ ಅಂತಲ್ಲ, ಯಾವ ಸಾಲು ಏಕೆ ತಪ್ಪು ಅಂತ ನೀವೇ ತೋರಿಸಬೇಕು.

ಪತ್ರ ಹೋದ ಮೂರನೇ ವಾರಕ್ಕೆ ಬಣ್ಣ ಮತ್ತು ಗ್ಲಾಸಿನ 9,200 ಖಾತೆಗೆ ಬಂತು. ವಯಸ್ಸಿನ 2,800ಕ್ಕೆ ಒಪ್ಪಲಿಲ್ಲ. ಅದಕ್ಕೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು, ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಡ. ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ, ಆದರೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ.

"ಲೋಕಪಾಲರಿಗೇ ಬರೀತೀನ್ರೀ" ಅಂದ. ಒಣದ್ರಾಕ್ಷಿ ತಂದಿದ್ದ, ಎರಡು ಕಿಲೋ. ಚೀಲದ ಅಡಿಯಲ್ಲಿ ಅವನ ಭಾವನ ಟ್ರ್ಯಾಕ್ಟರಿನ ಎಸ್ಟಿಮೇಟ್ ಇತ್ತು. ಅದರಲ್ಲೂ ಬಣ್ಣ ಒಂದೇ ಸಾಲು.