ನೋಟ್ಸಿನ ‘ಇರಬೇಕು’ಗಳಿಂದ ಸಮೀಕ್ಷೆಯ ಚೆಕ್‌ಲಿಸ್ಟ್

ಸಂಶೋಧನಾ ವಿಧಾನದ ತರಗತಿಯಲ್ಲಿ ಬರೆದುಕೊಂಡ ನೋಟ್ಸ್ ತೆಗೆದು ನೋಡಿ. ‘ಪ್ರಶ್ನೆಗಳು ಸರಳವಾಗಿರಬೇಕು’, ‘ಮಾದರಿ ಇಡೀ ಗುಂಪನ್ನು ಪ್ರತಿನಿಧಿಸಬೇಕು’, ‘ಪಕ್ಷಪಾತ ಇರಬಾರದು’ ಅಂತ ಸಾಲುಸಾಲಾಗಿ ಸಿಗುತ್ತವೆ. ಎಲ್ಲವೂ ನಿಜವೇ. ಆದರೆ ಇವನ್ನು ಹಾಗೇ ಇಳಿಸಿಕೊಂಡು ಪಕ್ಕದಲ್ಲೊಂದು ಚೌಕ ಬರೆದರೆ ಏನೂ ಪ್ರಯೋಜನವಿಲ್ಲ. ತಾನೇ ಬರೆದ ಪ್ರಶ್ನೆ ಸರಳವಾಗಿದೆಯಾ ಅಂತ ಕೇಳಿದರೆ ಇಲ್ಲ ಅನ್ನುವವರು ಯಾರು? ಎಲ್ಲ ಚೌಕಕ್ಕೂ ಟಿಕ್ ಬೀಳುತ್ತದೆ, ಸಮೀಕ್ಷೆ ಮಾತ್ರ ಕೆಟ್ಟಿರುತ್ತದೆ.

ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಬಹುದು. ನೋಟ್ಸಿನ ಪ್ರತಿ ‘ಇರಬೇಕು’ವನ್ನೂ ಇನ್ನೊಬ್ಬರು ಬಂದು ಪರೀಕ್ಷಿಸಬಹುದಾದ ಪ್ರಶ್ನೆಯಾಗಿ ಬದಲಿಸಬೇಕು. ಉತ್ತರಕ್ಕೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಪುರಾವೆ ಇರಬೇಕು. ಒಂದು ಹಾಳೆ, ಒಂದು ಪಟ್ಟಿ, ಒಂದು ಲೆಕ್ಕ, ಏನಾದರೂ ಸರಿ. ಹಾಗೆ ಬದಲಿಸಲು ಆಗದ ಸಾಲು ತತ್ವವಾಗಿ ನೋಟ್ಸಿನಲ್ಲೇ ಇರಲಿ.

ಒಂದು ಉದಾಹರಣೆ ಹಿಡಿದು ಹೋಗೋಣ. 2,400 ವಿದ್ಯಾರ್ಥಿಗಳಿರುವ ಒಂದು ಕಾಲೇಜು. ಗ್ರಂಥಾಲಯ ವಾರಕ್ಕೆ 6 ದಿನ, ರಾತ್ರಿ 8ರವರೆಗೆ ತೆರೆದಿರುತ್ತದೆ. ಅದನ್ನು 11ರವರೆಗೆ ತೆರೆದಿಡಬೇಕೇ ಅಂತ ತಿಳಿಯಲು ಸಮೀಕ್ಷೆ ಮಾಡಬೇಕಿದೆ.

ತರಗತಿಯಲ್ಲಿ ‘ಉದ್ದೇಶ ಸ್ಪಷ್ಟವಾಗಿರಬೇಕು’ ಎಂಬ ಮಾತು ಮೊದಲ ಹತ್ತು ನಿಮಿಷದಲ್ಲೇ ಮುಗಿದಿರುತ್ತದೆ. ಚೆಕ್‌ಲಿಸ್ಟಿನಲ್ಲಿ ಅದು ಹೀಗಾಗುತ್ತದೆ: ‘ಯಾವ ಉತ್ತರ ಬಂದರೆ ಏನು ಮಾಡುತ್ತೇವೆ ಅಂತ ಮೊದಲೇ ಬರೆದು, ದಿನಾಂಕ ಹಾಕಿ ಇಟ್ಟಿದ್ದೇವಾ?’ ನಮ್ಮ ಉದಾಹರಣೆಯಲ್ಲಿ ಆಡಳಿತದವರು ‘ಅರ್ಧಕ್ಕಿಂತ ಹೆಚ್ಚು ಜನರಿಗೆ ಬೇಕಿದ್ದರೆ ತೆರೆಯುತ್ತೇವೆ’ ಅಂದಿದ್ದಾರೆ ಅಂತಿಟ್ಟುಕೊಳ್ಳಿ. ಸರಿ, ಅದನ್ನೇ ಬರೆದಿಡಿ. ಇದರಿಂದ ಇನ್ನೊಂದು ಉಪಕಾರವೂ ಇದೆ. ‘ಇರಲಿ, ಇದನ್ನೂ ಕೇಳಿಬಿಡೋಣ’ ಅಂತ ಸೇರಿಕೊಂಡ ಪ್ರಶ್ನೆಗಳೆಲ್ಲ ಇಲ್ಲೇ ಉದುರಿಹೋಗುತ್ತವೆ. ಉತ್ತರ ಏನೇ ಬಂದರೂ ನಿರ್ಧಾರ ಬದಲಾಗದು ಅಂತಾದರೆ ಆ ಪ್ರಶ್ನೆ ಯಾಕೆ ಬೇಕು?

ಈಗ ಪ್ರಶ್ನಾವಳಿ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ ಇದು: ‘ಗ್ರಂಥಾಲಯದ ಸೌಲಭ್ಯ ಮತ್ತು ಸಮಯ ನಿಮಗೆ ತೃಪ್ತಿ ತಂದಿದೆಯೇ?’ ಇದರಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಕುರ್ಚಿ, ಪುಸ್ತಕ ಎಲ್ಲ ಚೆನ್ನಾಗಿವೆ, ಸಮಯ ಮಾತ್ರ ಸಾಲದು ಅನ್ನುವ ಹುಡುಗಿ ಏನಂತ ಬರೆಯಬೇಕು? ಆಕೆ ‘ಇಲ್ಲ’ ಅಂತ ಬರೆದರೆ ಕುರ್ಚಿ ಬದಲಿಸಬೇಕೋ ಸಮಯ ಬದಲಿಸಬೇಕೋ ನಮಗೆ ಗೊತ್ತಾಗುವುದಿಲ್ಲ. ಚೆಕ್‌ಲಿಸ್ಟಿನ ಸಾಲು ಸುಲಭ: ‘ಮತ್ತು’, ‘ಅಥವಾ’, ‘ಹಾಗೂ’ ಇರುವ ಪ್ರಶ್ನೆಗಳಿಗೆಲ್ಲ ಗುರುತು ಹಾಕಿ, ಒಂದೊಂದನ್ನೂ ಒಡೆದು ನೋಡಿದ್ದೇವಾ?

ಎರಡನೇ ಕರಡಿನಲ್ಲಿ ‘ರಾತ್ರಿ 11ರವರೆಗೆ ತೆರೆದಿದ್ದರೆ ನೀವು ಬರುತ್ತೀರಾ?’ ಅಂತ ಇರುತ್ತದೆ. ಓದಲು ಚೆನ್ನಾಗಿದೆ, ಒಂದೇ ಪ್ರಶ್ನೆ, ನೇರವಾಗಿದೆ. ನನಗೆ ಜಾಸ್ತಿ ಅನುಮಾನ ಇರುವುದು ಇದರ ಮೇಲೇ. ‘ಬರುತ್ತೇನೆ’ ಅನ್ನುವುದಕ್ಕೆ ಖರ್ಚಿಲ್ಲ, ಕೇಳಲೂ ಒಳ್ಳೆಯದಾಗಿರುತ್ತದೆ. ಮುಂದೆ ಏನು ಮಾಡುತ್ತೀರಿ ಅನ್ನುವುದಕ್ಕಿಂತ ಈಗಾಗಲೇ ಏನು ಮಾಡಿದ್ದೀರಿ ಅನ್ನುವುದಕ್ಕೆ ಉತ್ತರ ಗಟ್ಟಿ. ಆದ್ದರಿಂದ ಹೀಗೆ ಕೇಳಬಹುದು: ‘ಕಳೆದ 7 ದಿನಗಳಲ್ಲಿ ರಾತ್ರಿ 8ರ ನಂತರ ಎಷ್ಟು ದಿನ ಓದಲು ಕೂತಿದ್ದಿರಿ? ಎಲ್ಲಿ ಕೂತಿದ್ದಿರಿ?’ ಎಂಟರ ನಂತರ ಓದುವ ಅಭ್ಯಾಸವೇ ಇಲ್ಲದವರು, ಮನೆಯಲ್ಲೇ ಆರಾಮಾಗಿ ಓದುವವರು, ಜಾಗ ಸಿಗದೆ ಒದ್ದಾಡುವವರು ಬೇರೆ ಬೇರೆಯಾಗಿ ಕಾಣುತ್ತಾರೆ. ಆಮೇಲೆ ಬೇಕೋ ಬೇಡವೋ ಅಂತ ಕೇಳಿ, ಎರಡೂ ಉತ್ತರವನ್ನು ಪಕ್ಕಪಕ್ಕ ಇಟ್ಟು ಓದಬಹುದು. ‘ಸಾಮಾನ್ಯವಾಗಿ’ ಅನ್ನುವ ಪದ ಕಂಡಲ್ಲೆಲ್ಲ ಅದನ್ನು ತೆಗೆದು ಇಂತಿಷ್ಟು ದಿನ ಅಂತ ಗಡಿ ಹಾಕುವುದೂ ಒಳ್ಳೆಯದು.

ಉತ್ತರದ ಆಯ್ಕೆಗಳ ಬಗ್ಗೆ ನೋಟ್ಸಿನಲ್ಲಿ ಒಂದೇ ಸಾಲು ಇರುತ್ತದೆ, ಆದರೆ ಇಲ್ಲಿ ಅವಾಂತರ ದೊಡ್ಡದು. 1985ರಲ್ಲಿ ಮನಶ್ಶಾಸ್ತ್ರಜ್ಞ ನಾರ್ಬರ್ಟ್ ಶ್ವಾರ್ಜ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಅಂತ ಪ್ರಶ್ನೆ. ಒಂದು ಗುಂಪಿಗೆ ಕೊಟ್ಟ ಆಯ್ಕೆಗಳು ‘ಅರ್ಧ ಗಂಟೆಯವರೆಗೆ’ ಎಂದು ಶುರುವಾಗಿ ‘ಎರಡೂವರೆ ಗಂಟೆಗಿಂತ ಹೆಚ್ಚು’ ಎಂದು ಮುಗಿಯುತ್ತಿದ್ದವು. ಇನ್ನೊಂದು ಗುಂಪಿಗೆ ‘ಎರಡೂವರೆ ಗಂಟೆಯವರೆಗೆ’ ಎಂಬುದೇ ಮೊದಲ ಆಯ್ಕೆ, ‘ನಾಲ್ಕೂವರೆ ಗಂಟೆಗಿಂತ ಹೆಚ್ಚು’ ಕೊನೆಯದು. ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಅಂದವರು ಮೊದಲ ಗುಂಪಿನಲ್ಲಿ ಶೇ. 16ರಷ್ಟು, ಎರಡನೆಯದರಲ್ಲಿ ಸುಮಾರು ಶೇ. 37. ಜನ ಸುಳ್ಳು ಹೇಳಿದರು ಅಂತಲ್ಲ. ನಿಖರ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ. ಪಟ್ಟಿಯ ಮಧ್ಯದಲ್ಲಿರುವುದೇ ಎಲ್ಲರ ರೂಢಿ ಇರಬೇಕು ಅಂದುಕೊಂಡು, ತಮ್ಮನ್ನು ಅದರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಚೆಕ್‌ಲಿಸ್ಟಿಗೆ ಈ ಸಾಲು: ‘ಸಂಖ್ಯೆ ಕೇಳುವ ಪ್ರಶ್ನೆಗೆ ಆಯ್ಕೆ ಕೊಡುವ ಬದಲು ಖಾಲಿ ಜಾಗ ಬಿಡಬಹುದಾ?’ ನಮ್ಮ ಗ್ರಂಥಾಲಯದ ಪ್ರಶ್ನೆಗೆ ಬಿಡಬಹುದು. 0ಯಿಂದ 7ರವರೆಗಿನ ಒಂದು ಅಂಕಿ, ಅಷ್ಟೇ.

ಇನ್ನು ‘ಸರಳವಾಗಿರಬೇಕು’ ಎಂಬುದರ ಪುರಾವೆ ಎಲ್ಲಿಂದ ತರುವುದು? ಮುಖ್ಯ ಸಮೀಕ್ಷೆಗೆ ಸೇರದ ನಾಲ್ಕೈದು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ. ಪ್ರಶ್ನೆ ಓದಿಸಿ, ‘ಇದರಲ್ಲಿ ಏನು ಕೇಳಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ‘ಓದಲು ಕೂತಿದ್ದಿರಿ’ ಅಂದರೆ ಒಬ್ಬನಿಗೆ ಪಠ್ಯಪುಸ್ತಕ, ಇನ್ನೊಬ್ಬಳಿಗೆ ಕಾದಂಬರಿಯೂ ಸೇರಿ, ಮತ್ತೊಬ್ಬರಿಗೆ ಫೋನಿನಲ್ಲಿ ಪಾಠದ ವಿಡಿಯೊ ನೋಡುವುದೂ ಸೇರಿ. ಆಗ ಪ್ರಶ್ನೆ ತಿದ್ದಬೇಕು. ಅವರು ಹೇಳಿದ್ದನ್ನು ಬರೆದುಕೊಂಡ ಹಾಳೆಯೇ ಪುರಾವೆ. ಆ ಹಾಳೆ ಇಲ್ಲದಿದ್ದರೆ ಟಿಕ್ ಇಲ್ಲ.

ಮಾದರಿಯ ವಿಷಯಕ್ಕೆ ಬಂದರೆ ಎಲ್ಲರ ಮೊದಲ ಪ್ರಶ್ನೆ ‘ಎಷ್ಟು ಜನ?’ ಎಂಬುದು. ಅದು ಎರಡನೆಯದಾಗಬೇಕು. ಮೊದಲನೆಯದು: ‘ಯಾವ ಪಟ್ಟಿಯಿಂದ ಆರಿಸುತ್ತೇವೆ, ಅದರಲ್ಲಿ ಯಾರು ಇಲ್ಲ?’ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಅಂತ ಕೇಳಿ ಸುಮಾರು 1 ಕೋಟಿ ಜನರಿಗೆ ಚೀಟಿ ಕಳಿಸಿತು. ಸುಮಾರು 23 ಲಕ್ಷ ಚೀಟಿಗಳು ವಾಪಸ್ ಬಂದವು. ಅವುಗಳ ಲೆಕ್ಕದಂತೆ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲಬೇಕಿತ್ತು. ಆದರೆ ಎದುರಾಳಿ ರೂಸ್‌ವೆಲ್ಟ್ ಶೇ. 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಹೆಸರುಗಳನ್ನು ತೆಗೆದದ್ದು ಹೆಚ್ಚಾಗಿ ದೂರವಾಣಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಇವೆರಡೂ ಇದ್ದವರು ಉಳ್ಳವರು. ಅದರ ಮೇಲೆ, ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ.

ಕಾಲೇಜಿನಲ್ಲಿ ಇದೇ ತಪ್ಪು ಚಿಕ್ಕದಾಗಿ ಹೇಗೆ ನಡೆಯುತ್ತದೆ ನೋಡಿ. ಸುಲಭ ಅಂತ ಒಂದು ದಿನ ಗ್ರಂಥಾಲಯದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪ್ರಶ್ನಾವಳಿ ಕೊಡುತ್ತೇವೆ. 6 ದಿನವೂ ಬರುವವರು ಖಂಡಿತ ಸಿಗುತ್ತಾರೆ. ವಾರಕ್ಕೊಮ್ಮೆ ಬರುವವರು ಸಿಗುವ ಸಾಧ್ಯತೆ 6ರಲ್ಲಿ 1. ಬಾರದೇ ಇರುವವರು ಸಿಗುವುದೇ ಇಲ್ಲ. ಸಮಯ ಹೊಂದದೆ ಬಾರದಿರುವವರೂ ಅವರಲ್ಲೇ ಇದ್ದಾರಲ್ವಾ? ಹಾಗಾಗಿ ದಾಖಲಾತಿ ಪಟ್ಟಿಯೇ ಬೇಕು. ಅದರಲ್ಲೂ ಕಾಲೇಜು ಬಿಟ್ಟವರ ಹೆಸರು ಉಳಿದಿರಬಹುದು, ತಡವಾಗಿ ಸೇರಿದವರದು ಬಿಟ್ಟುಹೋಗಿರಬಹುದು. ತರಗತಿಗಳ ಹಾಜರಿ ಪುಸ್ತಕದ ಜೊತೆ ತಾಳೆ ನೋಡಿದರೆ ಗೊತ್ತಾಗುತ್ತದೆ.

ಈಗ ಎಷ್ಟು ಜನ ಅನ್ನುವ ಲೆಕ್ಕ. ಉತ್ತರದಲ್ಲಿ ಆಚೀಚೆ 5 ಶೇಕಡಾ ಅಂಕದಷ್ಟು ತೂಗಾಟ ಇದ್ದರೆ ಸಾಕು, 100ರಲ್ಲಿ 95 ಸಲ ಈ ಮಿತಿಯೊಳಗೇ ಇರಬೇಕು ಅಂತಿಟ್ಟುಕೊಳ್ಳೋಣ.

```
n = 1.96² × 0.25 / 0.05² ≈ 385
385 / (1 + 384/2400) ≈ 332
332 / 0.60 ≈ 554
```

ಮೊದಲ ಸಾಲು ತುಂಬ ದೊಡ್ಡ ಗುಂಪಿಗೆ ಬೇಕಾದ ಉತ್ತರಗಳ ಸಂಖ್ಯೆ. ಅದರಲ್ಲಿ 1.96 ಬಂದದ್ದು 100ರಲ್ಲಿ 95 ಸಲ ಅನ್ನುವುದರಿಂದ, 0.05 ಅಂದರೆ ಆ 5 ಶೇಕಡಾ ಅಂಕ, 0.25 ಅಂದರೆ ಉತ್ತರ ಅರ್ಧಕ್ಕರ್ಧ ಒಡೆದಾಗಿನ 0.5 × 0.5. ನಮ್ಮದು 2,400 ಜನರ ಗುಂಪು, ಹಾಗಾಗಿ ಎರಡನೇ ಸಾಲಿನಲ್ಲಿ ಅದು 332ಕ್ಕೆ ಇಳಿಯುತ್ತದೆ. ಕೇಳಿದವರಲ್ಲಿ ಶೇ. 60 ಜನ ಮಾತ್ರ ಉತ್ತರಿಸುತ್ತಾರೆ ಅಂತ ಅಂದಾಜಿಸಿದರೆ 554 ಜನರನ್ನು ಕೇಳಬೇಕು. ಪಟ್ಟಿಯಿಂದ ಪ್ರತಿ 4ನೇ ಹೆಸರು ತೆಗೆದರೆ 600 ಆಗುತ್ತದೆ, ಸ್ವಲ್ಪ ಕೈಯಲ್ಲಿ ಉಳಿಯುತ್ತದೆ. 1ರಿಂದ 4ರೊಳಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಆದರೆ ಅದಕ್ಕೂ ಮುಂಚೆ ಪಟ್ಟಿಯ ಮೊದಲ ಒಂದೆರಡು ಪುಟ ಕಣ್ಣಾಡಿಸಿ. ಹುಡುಗ, ಹುಡುಗಿ, ಹುಡುಗ, ಹುಡುಗಿ ಅಂತ ಒಂದಾದ ಮೇಲೊಂದು ಬರೆದಿದ್ದರೆ ಪ್ರತಿ 4ನೇ ಹೆಸರೂ ಒಂದೇ ಕಡೆಯದಾಗುತ್ತದೆ! ಹಾಗಿದ್ದರೆ ಹೆಸರುಗಳನ್ನು ಮೊದಲು ಕಲಸಬೇಕು.

600 ಜನರನ್ನು ಹುಡುಕುತ್ತಾ ಅಲೆಯುವ ಬದಲು, ತಲಾ 40 ಜನರ 60 ತರಗತಿಗಳಲ್ಲಿ 9 ತರಗತಿ ಆರಿಸಿ ಎಲ್ಲರಿಗೂ ಒಟ್ಟಿಗೆ ಕೊಟ್ಟರೆ? 360 ಉತ್ತರ ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ತೊಂದರೆ ಏನಂದ್ರೆ, ಒಂದೇ ತರಗತಿಯವರಿಗೆ ಒಂದೇ ವೇಳಾಪಟ್ಟಿ, ಒಂದೇ ಪರೀಕ್ಷೆ. ಅವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಈ ಹೋಲಿಕೆಯನ್ನು 0ಯಿಂದ 1ರವರೆಗೆ ಅಳೆಯುತ್ತಾರೆ. ಅದು ಬರೀ 0.05 ಇದ್ದರೂ, ಒಬ್ಬೊಬ್ಬರಿಗೂ ತರಗತಿಯ ಉಳಿದ 39 ಜನರನ್ನು ಸೇರಿಸಿದ ಲೆಕ್ಕ 1 + 39 × 0.05 = 2.95 ಆಗುತ್ತದೆ. ಉತ್ತರಗಳ ಸಂಖ್ಯೆಯನ್ನು ಇದರಿಂದ ಭಾಗಿಸಬೇಕು. ಅಂದರೆ 360 ಉತ್ತರಗಳಿಗೆ ಬಿಡಿಬಿಡಿಯಾಗಿ ಆರಿಸಿದ 122 ಜನರಷ್ಟೇ ಬೆಲೆ. ತೂಗಾಟ 5ರಿಂದ ಸುಮಾರು 8–9ಕ್ಕೆ ಏರುತ್ತದೆ. ಸಮಯ ಉಳಿಸಲು ಇದನ್ನು ಒಪ್ಪುವವರು ಒಪ್ಪಲಿ, ಆದರೆ ವರದಿಯಲ್ಲಿ ಸುಮ್ನೆ ‘360 ಜನ’ ಅಂತ ಬರೆದು 5 ಎಂದು ಹೇಳುವಂತಿಲ್ಲ.

ಉತ್ತರಿಸದವರ ಬಗ್ಗೆ ತರಗತಿಯಲ್ಲಿ ಕೊನೆಯ ಐದು ನಿಮಿಷ ಸಿಕ್ಕಿರುತ್ತದೆ. ಚೆಕ್‌ಲಿಸ್ಟಿನಲ್ಲಿ ನಾನು ಅದಕ್ಕೆ ಇಡೀ ಒಂದು ಪುಟ ಕೊಡುತ್ತೇನೆ. 600ರಲ್ಲಿ 360 ಜನ ಉತ್ತರಿಸಿದರು, ಅವರಲ್ಲಿ ಶೇ. 70 ಜನ ‘ರಾತ್ರಿ ತೆರೆಯಿರಿ’ ಅಂದರು ಅಂತಿಟ್ಟುಕೊಳ್ಳಿ. ಅರ್ಧದ ಗಡಿ ಆರಾಮಾಗಿ ದಾಟಿದಂತೆ ಕಾಣುತ್ತದೆ. ಸುಮ್ಮನಿದ್ದ 240 ಜನರಲ್ಲಿ ಶೇ. 30 ಜನರಿಗೆ ಮಾತ್ರ ಬೇಕಿದ್ದರೆ ಒಟ್ಟು ಶೇ. 54ಕ್ಕೆ ಬರುತ್ತದೆ. ಅವರಲ್ಲಿ ಯಾರಿಗೂ ಬೇಡವಾಗಿದ್ದರೆ ಶೇ. 42. ರಾತ್ರಿ ಗ್ರಂಥಾಲಯದ ಗೊಡವೆಯೇ ಬೇಡ ಅನ್ನುವವರು ಪ್ರಶ್ನಾವಳಿಯನ್ನೂ ಪಕ್ಕಕ್ಕಿಡುವ ಸಂಭವ ಹೆಚ್ಚು, ಹಾಗಾಗಿ ಇದು ಬರೀ ಊಹೆಯ ಆಟವೂ ಅಲ್ಲ. ತಪ್ಪಿಸಿಕೊಂಡವರನ್ನು ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಇನ್ನೆರಡು ಸಲ ಕೇಳಬೇಕು, ಯಾವ ಉತ್ತರ ಎಷ್ಟನೇ ಸಲ ಬಂತು ಅಂತ ಗುರುತು ಹಾಕಿಕೊಳ್ಳಬೇಕು. ಮೊದಲ ಸಲಕ್ಕೇ ಉತ್ತರಿಸಿದವರಲ್ಲಿ ಶೇ. 75, ಮೂರನೇ ಸಲಕ್ಕೆ ಸಿಕ್ಕವರಲ್ಲಿ ಶೇ. 45 ಅಂತ ಇಳಿಯುತ್ತಾ ಹೋದರೆ, ಕೊನೆಗೂ ಸಿಗದವರು ಇನ್ನೂ ಕೆಳಗಿರಬಹುದು ಎಂಬ ಸೂಚನೆ ಅದು. ಆಗ ಇನ್ನಷ್ಟು ಹೊಸ ಹೆಸರು ಸೇರಿಸಿ ಪ್ರಯೋಜನವಿಲ್ಲ. ಆ 240ರಲ್ಲೇ 40 ಜನರನ್ನು ಚೀಟಿ ಎತ್ತಿ ಆರಿಸಿ, ಒಬ್ಬೊಬ್ಬರನ್ನೂ ಹುಡುಕಿ, ಒಂದೇ ಒಂದು ಪ್ರಶ್ನೆ ಕೇಳಿ ಬರಬೇಕು: ರಾತ್ರಿ ಬೇಕಾ, ಬೇಡವಾ?