ನಾನೇ ಬರೆದದ್ದು ಅಂತ ಒಂದೇ ರಾತ್ರಿಯಲ್ಲಿ ಹೇಗೆ ತೋರಿಸೋದು?

ಪ್ರಶ್ನೆ: ಸ್ಕಾಲರ್‌ಶಿಪ್ ಅರ್ಜಿಗೆ ನಾಳೆಯೇ ಕೊನೆ ದಿನ. ನನ್ನ ಪ್ರಬಂಧವನ್ನು ಎಐ ಬರೆದಿದೆ ಅಂತ ಮೇಡಂ ಹೇಳುತ್ತಿದ್ದಾರೆ. ಬರೆದದ್ದು ನಾನೇ. ಈಗ ಏನು ಮಾಡಲಿ?

ಉತ್ತರ: ಮೊದಲು, ಪ್ರಬಂಧದ ಒಂದು ಅಕ್ಷರವನ್ನೂ ಬದಲಾಯಿಸಬೇಡಿ. ಯಾಕೆ ಅಂತ ಒಂದು ಪುಟ್ಟ ಕಥೆಯಲ್ಲಿ ಹೇಳುತ್ತೇನೆ.

ರಾತ್ರಿ ಎಂಟು ಗಂಟೆ. ಒಬ್ಬ ಹುಡುಗಿಗೆ ಮೇಡಂ ಮೆಸೇಜ್ ಬರುತ್ತದೆ: "ಚೆಕ್ ಮಾಡಿದೆ, 78% ಎಐ ಅಂತ ತೋರಿಸ್ತಿದೆ. ನಾನು ಶಿಫಾರಸು ಪತ್ರ ಕೊಡೋಕಾಗಲ್ಲ." ಹುಡುಗಿಗೆ ಕೈಕಾಲೇ ಆಡುವುದಿಲ್ಲ. ಅದೇ ಪ್ರಬಂಧವನ್ನು ಎಐ ಬರಹ ಪತ್ತೆಹಚ್ಚುವ ಇನ್ನೆರಡು ಡಿಟೆಕ್ಟರ್‌ಗಳಿಗೆ ಹಾಕುತ್ತಾಳೆ. ಒಂದು 12 ಅನ್ನುತ್ತದೆ, ಇನ್ನೊಂದು 90. ಅಂಕಿ ಇಳಿಯುವ ತನಕ ವಾಕ್ಯಗಳನ್ನು ತಿದ್ದೋಣ ಅಂತ ಕೂರುತ್ತಾಳೆ.

ಎಡವುವುದು ಇಲ್ಲೇ. ತಿದ್ದಿದರೆ ಮೇಡಂ ನೋಡಿದ ಪ್ರಬಂಧವೇ ಬೇರೆ, ಕೈಯಲ್ಲಿರುವುದೇ ಬೇರೆ ಆಗುತ್ತದೆ. ಸಿಕ್ಕಿಬಿದ್ದ ಮೇಲೆ ಮುಚ್ಚಿಹಾಕಲು ಹೊರಟಳು ಅಂತಲೂ ಅನ್ನಿಸಬಹುದು.

ಆ 78 ಅಂದರೇನು? ಕೆಲವು ತಂತ್ರಾಂಶಗಳಲ್ಲಿ ಅದು ಬರಹದ ಎಷ್ಟು ಭಾಗ ಎಐ ಥರ ಕಾಣುತ್ತದೆ ಅನ್ನುವ ಅಂದಾಜು. ಇನ್ನು ಕೆಲವದರಲ್ಲಿ, ಇಡೀ ಬರಹ ಎಐದು ಆಗಿರಬಹುದಾದ ಸಾಧ್ಯತೆ. ಎರಡರಲ್ಲೂ ತಂತ್ರಾಂಶ ನೋಡುವುದು ಮುಗಿದ ಬರಹವನ್ನು ಮಾತ್ರ. ಮುಂದಿನ ಪದ ಸುಲಭವಾಗಿ ಊಹಿಸುವಂತಿದ್ದರೆ, ವಾಕ್ಯಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ಅನುಮಾನ ಜಾಸ್ತಿ. ಸ್ಕಾಲರ್‌ಶಿಪ್ ಪ್ರಬಂಧಗಳು ಹಾಗೇ ಇರುತ್ತವೆ ಅಲ್ವಾ? ಅದರಲ್ಲೂ ಇಂಗ್ಲಿಷನ್ನು ಕಲಿತು ಬರೆಯುವವರು ಗೊತ್ತಿರುವ ಪದಗಳನ್ನೇ ಜೋಪಾನವಾಗಿ ಬಳಸುತ್ತಾರೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಮನುಷ್ಯರೇ ಬರೆದ ಆ ಪ್ರಬಂಧಗಳನ್ನು ಅವು ಎಐ ಅಂತ ತಪ್ಪಾಗಿ ಹೇಳಿದ ಪ್ರಮಾಣ ಸರಾಸರಿ 61%. ಅದೇ ವರ್ಷ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ತನ್ನದೇ ಡಿಟೆಕ್ಟರನ್ನು ನಿಖರತೆ ಸಾಲದು ಅಂತ ಹಿಂತೆಗೆದುಕೊಂಡಿತು. ಹಾಗಾಗಿ ಇನ್ನೊಂದು ಡಿಟೆಕ್ಟರ್‌ನ 12 ಹಿಡಿದು ವಾದಿಸಿದರೂ ಪ್ರಯೋಜನವಿಲ್ಲ. ಬರಹ ಹುಟ್ಟಿದ ದಾರಿಯನ್ನು ತೋರಿಸಬೇಕು.

ಹುಡುಗಿ ಬರೆದದ್ದು ಗೂಗಲ್ ಡಾಕ್ಸ್‌ನಲ್ಲಿ. ಲ್ಯಾಪ್‌ಟಾಪ್‌ನಲ್ಲಿ File > Version history > See version history ತೆರೆದಳು. ಮೂರು ವಾರದ ತಿದ್ದುಪಡಿ ಅಲ್ಲಿತ್ತು. ಮೊದಲ ದಿನ "ಅಜ್ಜಿಗೆ ಕಣ್ಣು ಕಾಣಿಸುತ್ತಿರಲಿಲ್ಲ" ಅಂತ ಬರೆದಿದ್ದಳು. ಎರಡು ದಿನ ಬಿಟ್ಟು ಅದನ್ನು ಅಳಿಸಿ, "ಅಜ್ಜಿ ನನ್ನನ್ನು ದನಿಯಿಂದಲೇ ಗುರುತಿಸುತ್ತಿದ್ದರು" ಅಂತ ಬದಲಾಯಿಸಿದ್ದಳು. ಇಂಥ ಒಂದು ತಿದ್ದುಪಡಿ ಹತ್ತು ಆಣೆ-ಪ್ರಮಾಣಕ್ಕಿಂತ ಗಟ್ಟಿ.

ಆದರೆ ಒಂದು ಕಡೆ ತೊಡಕಿತ್ತು. ಎರಡು ಪ್ಯಾರಾಗಳು ಒಂದೇ ಏಟಿಗೆ ಬಂದು ಕೂತಿದ್ದವು. ಫೋನಿನ ನೋಟ್ಸ್‌ನಲ್ಲಿ ಬರೆದು ಪೇಸ್ಟ್ ಮಾಡಿದ್ದಳು. ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಅವರು ಕೇಳುವ ತನಕ ಕಾಯಬಾರದು. ಆ ನೋಟನ್ನು ದಿನಾಂಕದ ಸಮೇತ ತೋರಿಸಿ, ನಾವೇ ಹೇಳಿಬಿಡಬೇಕು. ವ್ಯಾಕರಣ ತಿದ್ದುವ ಆಪ್ ಬಳಸಿದ್ದರೆ ಅದನ್ನೂ ಹೇಳಿ. ಆಪ್ ತಿದ್ದಿದ ನಯವಾದ ವಾಕ್ಯಗಳಿಂದಲೂ ಅಂಕಿ ಏರಬಹುದು. ಅಂಥ ಆಪ್ ಬಳಸಬಹುದಾ ಅನ್ನುವುದನ್ನು ಸ್ಕಾಲರ್‌ಶಿಪ್‌ನ ನಿಯಮದಲ್ಲಿ ಒಮ್ಮೆ ನೋಡಿಕೊಳ್ಳಿ.

ಆತುರದಲ್ಲಿ ಆಗುವ ತಪ್ಪು ಇನ್ನೊಂದಿದೆ. ನೋಡಲು ಮಾತ್ರ ಅನುಮತಿ ಇರುವ ಲಿಂಕ್ ಕಳಿಸಿದರೆ ಮೇಡಂಗೆ ಈ ಇತಿಹಾಸ ಕಾಣುವುದಿಲ್ಲ. Make a copy ಒತ್ತಿ ಪ್ರತಿ ಕಳಿಸಿದರೂ ಅಷ್ಟೇ, ಪಿಡಿಎಫ್ ಕಳಿಸಿದರೂ ಅಷ್ಟೇ. ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ತೋರಿಸುವುದೇ ವಾಸಿ. ವರ್ಡ್‌ನಲ್ಲಿ ಬರೆದವರಿಗೆ, ಫೈಲ್ ಒನ್‌ಡ್ರೈವ್‌ನಲ್ಲಿ ಸೇವ್ ಆಗುತ್ತಿದ್ದರೆ, File > Info > Version History ಇದೆ.

ಹುಡುಗಿ ಹೀಗೆ ಬರೆದಳು: "ಮೇಡಂ, ಪ್ರಬಂಧ ನಾನೇ ಬರೆದದ್ದು. ಮೂರು ವಾರದ ಡ್ರಾಫ್ಟ್‌ಗಳು ಇವೆ. ಈ ರಾತ್ರಿ ಹತ್ತು ನಿಮಿಷ ಕಾಲ್‌ನಲ್ಲಿ ತೋರಿಸಬಹುದಾ? ಯಾವ ಸಾಲಿನ ಬಗ್ಗೆ ಬೇಕಾದರೂ ಕೇಳಿ." ಈ ಕೊನೆಯ ವಾಕ್ಯ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಎಐ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಟೈಪ್ ಮಾಡಿದರೂ ಒಂದು ಇತಿಹಾಸ ಸಿಗುತ್ತದೆ. ಅದನ್ನೊಂದನ್ನೇ ನಂಬಲು ಮೇಡಂ ಹಿಂಜರಿದರೆ ತಪ್ಪಿಲ್ಲ. ಆದರೆ ಆ ಸಾಲು ಯಾಕೆ ಬದಲಾಯಿತು ಅಂತ ಕೇಳಿದರೆ, ಬರೆದವರು ತಡವರಿಸುವುದು ಕಡಿಮೆ.

ಮೇಡಂ ಕೇಳಿದ್ದೂ ಅಜ್ಜಿಯ ಸಾಲಿನ ಬಗ್ಗೆಯೇ. ಹನ್ನೊಂದರ ಹೊತ್ತಿಗೆ ಪತ್ರ ಅಪ್‌ಲೋಡ್ ಆಯಿತು.

ಮೇಡಂ ಫೋನ್ ಎತ್ತದಿದ್ದರೆ? ನಿಮ್ಮ ಕಡೆಯ ಅರ್ಜಿಯನ್ನು ಸಮಯಕ್ಕೆ ಸರಿಯಾಗಿ ಸಲ್ಲಿಸಿಬಿಡಿ. ಮೇಡಂಗೆ ಬರೆದದ್ದನ್ನೇ ವಿಭಾಗದ ಮುಖ್ಯಸ್ಥರಿಗೂ ಮೇಲ್ ಮಾಡಿ. ಶಿಫಾರಸು ಪತ್ರ ತಡವಾಗಬಹುದು, ಸ್ವಲ್ಪ ಕಾಲಾವಕಾಶ ಸಿಗುತ್ತದಾ ಅಂತ ಸ್ಕಾಲರ್‌ಶಿಪ್ ಕಚೇರಿಯನ್ನು ಗಡುವಿಗೆ ಮೊದಲೇ ಕೇಳಿ. ಆರೋಪ ಎಲ್ಲಾದರೂ ದಾಖಲಾಗಿದ್ದರೆ, ಅದನ್ನು ತೆಗೆಯುವಂತೆ ಆಮೇಲೆ ಬರವಣಿಗೆಯಲ್ಲೇ ಕೇಳಿ ಪಡೆಯಿರಿ.